ಬೆವರು ಬಂಗಾರ ರೇಷ್ಮೆ

ಮೇ ತಿಂಗಳಲ್ಲಿ ನಡೆದ ಮದುವೆಯ ಆಲ್ಬಂ ಕೆಲಸ ನನ್ನ ಮೇಜಿಗೆ ಬರುವುದು ದೀಪಾವಳಿಯ ಹೊತ್ತಿಗೆ. ಮೂರು ಸಾವಿರ ಫೋಟೋಗಳಲ್ಲಿ ಆಲ್ಬಂಗೆ ಯಾವುವು ಎಂದು ಎರಡೂ ಮನೆಯವರು ಒಮ್ಮತಕ್ಕೆ ಬರುವಷ್ಟರಲ್ಲಿ ಹೊಸ ಜೋಡಿ ಎಷ್ಟೋ ಸಲ ಮುನಿಸಿಕೊಂಡು ಅಷ್ಟೇ ಸಲ ರಾಜಿಯಾಗಿರುತ್ತದೆ. ಛತ್ರದ ಸೆಖೆ, ನಡುವೆ ಕೈಕೊಟ್ಟ ಜನರೇಟರು, ಹೋಮದ ಹೊಗೆ ಎಲ್ಲರಿಗೂ ಮರೆತುಹೋಗಿರುತ್ತದೆ. ಆಗ ಪೆನ್‌ಡ್ರೈವಿನ ಜೊತೆ ಒಂದು ಚೀಟಿ ಬರುತ್ತದೆ. ಮನೆ ಯಾವುದೇ ಇರಲಿ, ಜಾತಿ ಯಾವುದೇ ಇರಲಿ, ಚೀಟಿ ಮಾತ್ರ ಒಂದೇ: "ಸೀರೆ ಕಲರ್ ಸರಿ ಮಾಡಿ. ಒಡವೆ ಎದ್ದು ಕಾಣ್ಬೇಕು. ಮುಖದ ಶೈನಿಂಗ್ ತೆಗೀರಿ."

ಬರೆದವರಿಗೆ ಇವು ಮೂರು ಕೆಲಸ. ನನಗೆ ಒಂದೇ ಕೆಲಸ, ಅದೂ ತನ್ನೊಳಗೇ ಜಗಳವಾಡುವ ಕೆಲಸ. ರೇಷ್ಮೆ ಹೊಳೆಯಬೇಕು, ಚಿನ್ನ ಹೊಳೆಯಬೇಕು, ಅವೆರಡರ ನಡುವೆ ಸಿಕ್ಕಿಕೊಂಡಿರುವ ಮುಖ ಮಾತ್ರ ಹೊಳೆಯಕೂಡದು. ಹೊಳಪು ಹೊಳಪಿಗೂ ಇರುವ ಈ ಮರ್ಯಾದೆಯ ಅಂತರ ಕ್ಯಾಮೆರಾಕ್ಕೆ ತಿಳಿಯದು. ಅದರ ಲೆಕ್ಕದಲ್ಲಿ ಜರಿಯ ಮಿಂಚೂ, ಕಾಸಿನಸರದ ಮಿಂಚೂ, ಮೂಗಿನ ತುದಿಯ ಎಣ್ಣೆಯ ಮಿಂಚೂ ಒಂದೇ. ಮೂರೂ ತೀರಾ ಬೆಳಗಾದ ಚುಕ್ಕೆಗಳು.

ಆದರೆ ಹತ್ತಿರದಿಂದ ನೋಡಿದರೆ ಮೂರೂ ಹುಟ್ಟುವ ರೀತಿ ಬೇರೆ. ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚಿನ ಪಾಲು ಒಳಗಿಳಿದು, ಚರ್ಮದ ಬಣ್ಣ ಹಚ್ಚಿಕೊಂಡು ಆಚೆ ಬರುತ್ತದೆ. ಅದೇ ನಮಗೆ ಕಾಣುವ ಮೈಬಣ್ಣ. ಸ್ವಲ್ಪ ಪಾಲು ಮಾತ್ರ ಒಳಗೆ ಹೋಗುವುದೇ ಇಲ್ಲ, ಮೇಲಿನ ಎಣ್ಣೆ, ಬೆವರಿನ ಪದರಕ್ಕೆ ತಾಗಿ ಹಾಗೆಯೇ ವಾಪಸಾಗುತ್ತದೆ. ಒಳಗೆ ಹೋಗದ್ದರಿಂದ ಅದಕ್ಕೆ ಮೈಬಣ್ಣ ಹತ್ತಿರುವುದಿಲ್ಲ; ಫ್ಲ್ಯಾಷ್ ಬಿಳಿಯಿದ್ದರೆ ಬೆವರಿನ ಹೊಳಪೂ ಬಿಳಿ. ಚಿನ್ನದ ಸಂಗತಿ ತಿರುಗುಮುರುಗು. ಲೋಹದೊಳಕ್ಕೆ ಬೆಳಕು ಇಳಿಯುವುದಿಲ್ಲ, ಎಲ್ಲ ವ್ಯವಹಾರ ಮೇಲ್ಮೈಯಲ್ಲೇ. ಅಲ್ಲೇ ನೀಲಿಯ ಬಹುಪಾಲನ್ನು ಚಿನ್ನ ನುಂಗಿಕೊಂಡು ಉಳಿದದ್ದನ್ನು ತಿರುಗಿಸಿ ಕಳಿಸುತ್ತದೆ. ಹಾಗಾಗಿ ಚಿನ್ನದ ಹೊಳಪೇ ಹಳದಿ. ರೇಷ್ಮೆ ಇವೆರಡರ ಮಧ್ಯದ್ದು. ಅದರ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂಲೆ ಸವೆದ ತ್ರಿಕೋನ ಕಾಣುತ್ತದೆ. ಆ ಚಪ್ಪಟೆ ಮುಖಗಳು ಸ್ವಲ್ಪ ಬೆಳಕನ್ನು ಬಣ್ಣವಿಲ್ಲದೆ ಎಸೆಯುತ್ತವೆ, ಸ್ವಲ್ಪವನ್ನು ಒಳಗೆ ಬಿಟ್ಟುಕೊಂಡು ಬಣ್ಣ ಹಚ್ಚಿ ಕಳಿಸುತ್ತವೆ. ಯಾವ ಕೋನದಿಂದ ನೋಡುತ್ತೀರಿ ಎಂಬುದರ ಮೇಲೆ ಈ ಎರಡರ ಪಾಲು ಬದಲಾಗುತ್ತದೆ. ಸೀರೆ ಉಟ್ಟವಳು ಒಂದು ಹೆಜ್ಜೆ ಇಟ್ಟರೆ ಸೀರೆಯೂ ಜೊತೆಗೆ ಕದಲಿದಂತೆ ಕಾಣುವುದು ಇದರಿಂದಲೇ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೊದಲು ಮಾಡುವುದು ಹೈಲೈಟ್ಸ್ ಎಂಬ ಸ್ಲೈಡರನ್ನು ಎಡಕ್ಕೆ ಎಳೆಯುವುದು. ಎಳೆದ ಕೂಡಲೇ ಮುಖ ಚೆನ್ನಾಗಿ ಕಾಣುತ್ತದೆ, ಅವರಿಗೆ ಖುಷಿ. ಅದೇ ಕ್ಷಣದಲ್ಲಿ ಅಂಚಿನ ಜರಿ ಕಂದು ದಾರವಾಗಿರುತ್ತದೆ, ಮೂಗುಬೊಟ್ಟಿನ ವಜ್ರ ಬೂದು ಹರಳಾಗಿರುತ್ತದೆ. ಅದನ್ನು ಅವರು ಗಮನಿಸಿರುವುದಿಲ್ಲ, ಮದುಮಗಳ ತಾಯಿ ಗಮನಿಸುತ್ತಾರೆ. ಇಡೀ ಚಿತ್ರಕ್ಕೆ ಒಟ್ಟಿಗೆ ಮಾಡುವ ಯಾವ ಉಪಚಾರವೂ ಈ ಮೂರು ಹೊಳಪುಗಳಲ್ಲಿ ಒಂದನ್ನು ಉಳಿಸಿ ಎರಡನ್ನು ಕೊಲ್ಲುತ್ತದೆ.

ಈಚೆಗೆ ತಿದ್ದಿದ ಒಂದು ಧಾರೆಯ ಫೋಟೋವನ್ನೇ ತೆಗೆದುಕೊಳ್ಳಿ. ಕೆನೆಬಣ್ಣದ ಧಾರೆ ಸೀರೆ ಬೇಡವೆಂದು ಹುಡುಗಿ ನೇರಳೆ ರೇಷ್ಮೆ ಉಟ್ಟಿದ್ದಳು, ಸಾಸಿವೆ ಬಣ್ಣದ ಅಂಚು, ಅದರ ತುಂಬ ಜರಿ. ಹುಡುಗ ಬಿಳಿ ಪಂಚೆ, ಶಲ್ಯದಲ್ಲಿದ್ದ. ಇಬ್ಬರ ಹಣೆಯಲ್ಲೂ ಬಾಸಿಂಗ. ಹುಡುಗಿಯ ತಂದೆ ತೆಂಗಿನಕಾಯಿಯ ಮೇಲೆ ನೀರು ಬಿಡುತ್ತಿದ್ದಾರೆ, ಹಿಂದೆ ನೆಂಟರ ದಂಡು. ಬೆಳಕು ನಾಲ್ಕು ಕಡೆಯಿಂದ: ಫೋಟೋದವನ ಫ್ಲ್ಯಾಷ್, ವಿಡಿಯೋದವನ ಹಳದಿ ಹ್ಯಾಲೊಜನ್ ಲೈಟು, ಮಂಟಪದ ಅಲಂಕಾರದವನು ಕಂಬಕ್ಕೆ ಕಟ್ಟಿದ ಗುಲಾಬಿ ಎಲ್‌ಇಡಿ, ಪಕ್ಕದ ಕಿಟಕಿಯಿಂದ ಬಂದ ಹತ್ತು ಗಂಟೆಯ ಬಿಸಿಲು. ಇವರಲ್ಲಿ ಒಬ್ಬರೂ ಇನ್ನೊಬ್ಬರನ್ನು ಕೇಳಿ ಲೈಟು ಹಚ್ಚಿದವರಲ್ಲ.

ಮೊದಲು ಬಿಳಿ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಫ್ಲ್ಯಾಷಿನ ಬೆಳಕು ಸುಮಾರು 5500 ಕೆಲ್ವಿನ್, ಹ್ಯಾಲೊಜನ್ ದೀಪದ್ದು 3200ರ ಆಸುಪಾಸು. ಎರಡೂ ಒಟ್ಟಿಗೆ ಬಿದ್ದಾಗ ಒಂದು ಕೆನ್ನೆ ತಣ್ಣಗೆ ನೀಲಿಯಾಗುತ್ತದೆ, ಇನ್ನೊಂದು ಕಿತ್ತಳೆಯಾಗುತ್ತದೆ. ಮುಹೂರ್ತಕ್ಕೆ ಮುಂಚೆ ಮಂಟಪದಲ್ಲಿ ಬೂದು ಕಾರ್ಡು ಹಿಡಿದು ಒಂದು ಫೋಟೋ ತೆಗೆದಿದ್ದರೆ ಅರ್ಧ ಕಷ್ಟ ಅಲ್ಲೇ ಮುಗಿಯುತ್ತಿತ್ತು. ತೆಗೆಯುವುದಿಲ್ಲ. ಪುರೋಹಿತರು ಗಟ್ಟಿಮೇಳ ಎನ್ನುವಾಗ ಬೂದು ಕಾರ್ಡು ಹಿಡಿದು ಮುಂದೆ ನಿಲ್ಲುವ ಧೈರ್ಯ ಯಾರಿಗಿದೆ? ಹಾಗಾಗಿ ಚಿತ್ರದೊಳಗೇ ಬಿಳಿಯನ್ನು ಹುಡುಕಬೇಕು. ಹುಡುಗನ ಪಂಚೆ ಇದೆಯಲ್ಲ ಎಂದು ಎಲ್ಲರೂ ಅದರ ಮೇಲೆ ಕ್ಲಿಕ್ ಮಾಡುತ್ತಾರೆ. ಅಲ್ಲೊಂದು ಮೋಸವಿದೆ. ಬಿಳಿ ಬಟ್ಟೆ ಇನ್ನಷ್ಟು ಬಿಳಿ ಕಾಣಲೆಂದು ಮಿಲ್ಲಿನಲ್ಲೂ ಸೋಪಿನ ಪುಡಿಯಲ್ಲೂ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೀರಿಕೊಂಡು ನೀಲಿಯನ್ನು ಉಗುಳುತ್ತದೆ. ಬಿಸಿಲಿನಲ್ಲೂ ಫ್ಲ್ಯಾಷಿನಲ್ಲೂ ಆ ಕಿರಣ ಸ್ವಲ್ಪ ಇದ್ದೇ ಇರುತ್ತದೆ. ನೀಲಿಯಾದ ಪಂಚೆಯನ್ನು ಬಿಳಿ ಎಂದು ನಂಬಿ ಹೇಳಿದರೆ ಕಂಪ್ಯೂಟರು ಇಡೀ ಚಿತ್ರಕ್ಕೆ ಹಳದಿ ಸುರಿಯುತ್ತದೆ. ಬೆಳ್ಳಿ ತಟ್ಟೆಯೂ ಸಾಕ್ಷಿಗೆ ಬರುವುದಿಲ್ಲ, ಅದು ಎದುರಿಗೆ ನಿಂತವರ ಬಣ್ಣವನ್ನೇ ತೋರಿಸುತ್ತದೆ. ನಾನು ನೋಡುವುದು ಮೈಕಿನ ಬೂದು ವೈರು, ಅದಿಲ್ಲದಿದ್ದರೆ ಹಿರಿಯರೊಬ್ಬರ ನೆರೆತ ಕೂದಲು. ಮದರಂಗಿ ಹಚ್ಚಿಕೊಂಡಿರದಿದ್ದರೆ ನೆರೆಕೂದಲು ಅಂದಾಜಿಗೆ ಸಾಕು.

ಇಷ್ಟಾದ ಮೇಲೂ ಹುಡುಗಿಯ ಗಲ್ಲದ ಕೆಳಗೆ ಹಳದಿ ಉಳಿದಿತ್ತು. ತೆಗೆಯಲು ಹೋಗಬಾರದು, ಅದು ಬೆಳಗ್ಗೆ ಹಚ್ಚಿದ ಅರಿಶಿನ. ತಲೆಕೂದಲಲ್ಲಿ ಸಿಕ್ಕಿಕೊಂಡ ಬಿಳಿ ಚುಕ್ಕೆಗಳೂ ಧೂಳಲ್ಲ, ಅಕ್ಷತೆ. ಕಲೆ ತೆಗೆಯುವ ಬ್ರಷ್ಷನ್ನು ಉತ್ಸಾಹದಿಂದ ಆಡಿಸಿ ಅಕ್ಷತೆಯನ್ನೆಲ್ಲ ಗುಡಿಸಿಹಾಕಿದ ಆಲ್ಬಂಗಳನ್ನು ಕಂಡಿದ್ದೇನೆ; ಎದುರಿಗಿರುವವರು ಎತ್ತಿದ ಕೈ ಹಾಗೇ ಇದೆ, ಬಿದ್ದದ್ದು ಏನೂ ಇಲ್ಲ.

ಇನ್ನು ಸೀರೆ. ಹುಡುಗಿಯ ತಾಯಿ ಅಂಗಡಿಗೆ ಬಂದು ಪರದೆ ನೋಡಿದವರೇ, "ಇದು ನಮ್ಮ ಸೀರೆ ಅಲ್ವೇ ಅಲ್ಲ ಕಣಣ್ಣ. ನಾವು ತಗೊಂಡಿದ್ದು ನೇರಳೆ, ನೀವು ನೀಲಿ ಮಾಡಿದೀರ. ಅದೂ ಸೆರಗು ಒಂದು ಬಣ್ಣ, ನೆರಿಗೆ ಒಂದು ಬಣ್ಣ" ಎಂದರು. ನಾನು ಇನ್ನೂ ಸೀರೆಗೆ ಕೈ ಹಚ್ಚಿರಲಿಲ್ಲ. ಆದರೆ ಅವರು ಹೇಳಿದ್ದು ಎರಡೂ ನಿಜ. ನೀಲಿಯಾದದ್ದು ಕ್ಯಾಮೆರಾದ ಚಾಳಿ. ಸೆನ್ಸರು ಬಣ್ಣ ಓದುವ ರೀತಿ ನಮ್ಮ ಕಣ್ಣಿನಂತಲ್ಲ, ನೇರಳೆಯೊಳಗಿನ ಕೆಂಪನ್ನು ಕಡಿಮೆ ಓದಿ ನೀಲಿಯ ಕಡೆ ವಾಲುವ ಕ್ಯಾಮೆರಾಗಳು ಬಹಳ. ಸೆರಗು, ನೆರಿಗೆಗಳ ಜಗಳಕ್ಕೆ ಮಾತ್ರ ಕ್ಯಾಮೆರಾ ಹೊಣೆಯಲ್ಲ, ಮಗ್ಗ ಹೊಣೆ.

"ಬ್ಲೌಸ್ ಹೊಲಿಸಿದಾಗ ಉಳಿದ ಚೂರು ಇದ್ರೆ ತನ್ನಿ ಅಕ್ಕ" ಎಂದೆ. ಮಾರನೆಯ ದಿನ ತಂದರು. ಟ್ಯೂಬ್‌ಲೈಟಿನ ಕೆಳಗೆ ನೋಡದೆ ಅದನ್ನು ಬಾಗಿಲ ಬಳಿ, ನೇರ ಬಿಸಿಲು ಬೀಳದ ಕಡೆ ಹಿಡಿದು ನೋಡಿದೆವು. ಹಾಸು ಗಾಢ ನೀಲಿ, ಹೊಕ್ಕು ರಾಣಿ ಪಿಂಕ್. ಎರಡು ಎಳೆ ಬೇರೆ ಬೇರೆ ಬಣ್ಣ, ಎರಡೂ ಕೂಡಿ ಕಣ್ಣಿಗೆ ನೇರಳೆ. ಅಂಗಡಿಯವರು ಡಬಲ್ ಶೇಡ್ ಎಂದು ಮಾರುವುದು ಇದನ್ನೇ. ಚೂರನ್ನು ಹೀಗೆ ಹಿಡಿದರೆ ನೀಲಿ ಮೇಲೆದ್ದು ಬರುತ್ತದೆ, ಕಾಲುಭಾಗ ತಿರುಗಿಸಿದರೆ ಗುಲಾಬಿ. ಈಗ ಸೀರೆ ಉಡುವ ಕ್ರಮ ನೆನಪಿಸಿಕೊಳ್ಳಿ. ಹಾಸಿನ ಎಳೆ ಸೀರೆಯ ಉದ್ದಕ್ಕೆ ಓಡುತ್ತದೆ, ಹೊಕ್ಕು ಅಗಲಕ್ಕೆ. ಸೊಂಟಕ್ಕೆ ಸುತ್ತಿ ನೆರಿಗೆ ಹಿಡಿದಾಗ ಹೊಕ್ಕಿನ ಎಳೆಗಳು ನೆಟ್ಟಗೆ ನಿಲ್ಲುತ್ತವೆ, ಹಾಸು ಅಡ್ಡ ಮಲಗುತ್ತದೆ. ಅದೇ ಸೀರೆ ಎದೆಯ ಮೇಲೆ ಹಾದು ಭುಜಕ್ಕೇರಿದಾಗ ಹಾಸು ಮೇಲ್ಮುಖವಾಗಿ ಓರೆಯಾಗುತ್ತದೆ. ಅಂದರೆ ಒಂದೇ ಫ್ಲ್ಯಾಷಿನ ಎದುರು ನೆರಿಗೆಯ ಬಟ್ಟೆಯೂ ಭುಜದ ಬಟ್ಟೆಯೂ ಒಂದಕ್ಕೊಂದು ತಿರುಗಿ ನಿಂತಿರುತ್ತವೆ. ಎರಡೂ ಕಡೆ ಒಂದೇ ಬಣ್ಣ ಬಂದಿದ್ದರೇ ಅನುಮಾನ ಪಡಬೇಕಿತ್ತು.

ಹಾಗಾಗಿ ಎರಡನ್ನೂ ಒಂದೇ ಮಾಡುವುದು ತಪ್ಪು. ಹಾಗೆ ಮಾಡಿದರೆ ರೇಷ್ಮೆ ಹೋಗಿ ಪಾಲಿಯೆಸ್ಟರ್ ಆಗುತ್ತದೆ. ಕ್ಯಾಮೆರಾ ಕದ್ದ ಕೆಂಪನ್ನಷ್ಟೇ ವಾಪಸು ಕೊಡಿಸಬೇಕು. ಮೊದಲು ಸೀರೆಯನ್ನು ಮಾತ್ರ ಆರಿಸಿ ಮಾಸ್ಕ್ ಮಾಡಿಕೊಂಡೆ. ಮಾಸ್ಕ್ ಇಲ್ಲದೆ ನೀಲಿಯನ್ನು ತಿರುಗಿಸಿದರೆ ಹಿಂದಿನ ನೀಲಿ ಪರದೆಯೂ ನೇರಳೆಯಾಗುತ್ತದೆ, ಪಂಚೆಯ ನೆರಳಿಗೂ ನೇರಳೆ ಹತ್ತುತ್ತದೆ. ಆಮೇಲೆ ಕಲರ್ ಮಿಕ್ಸರಿನಲ್ಲಿ ನೀಲಿಯ ಹ್ಯೂ ಅನ್ನು ಬಲಕ್ಕೆ ಹದಿನೆಂಟರಷ್ಟು ಸರಿಸಿದೆ. ನೆರಳಿನ ಮಡಿಕೆಗಳಲ್ಲಿ ನೀಲಿ ಉಳಿಯಲಿ ಎಂದು ಈ ಬದಲಾವಣೆಯನ್ನು ಬೆಳಕು ಬಿದ್ದ ಭಾಗಗಳಿಗೆ ಪೂರ್ತಿ, ಕತ್ತಲ ಭಾಗಗಳಿಗೆ ಅರ್ಧಕ್ಕಿಂತ ಕಡಿಮೆ ತಾಗುವಂತೆ ಇಟ್ಟೆ. ಬಣ್ಣದ ಗಾಢತೆಯನ್ನು ಮುಟ್ಟಲೇ ಇಲ್ಲ. ತಾಯಿ ಚೂರನ್ನು ಪರದೆಯ ಪಕ್ಕ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. "ಈಗ ನಮ್ಮದು" ಎಂದರು. ಸೆರಗಿನ ಬಣ್ಣ ಬೇರೆಯಾಗಿರುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನೇರಳೆಗಿಂತ ಕಷ್ಟದ್ದು ಕೆಂಪು. ಅಚ್ಚಗೆಂಪು ರೇಷ್ಮೆಗೆ ಫ್ಲ್ಯಾಷ್ ಬಿದ್ದರೆ ಕೆಂಪಿನ ಅಂಕಿ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಹಸಿರು, ನೀಲಿ ಕೆಳಗೇ ಇರುವುದರಿಂದ ಒಟ್ಟು ಬೆಳಕಿನ ಗ್ರಾಫು ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ಆದರೆ ನೆರಿಗೆಯ ಏರೂ ಇಳಿವೂ ಎಲ್ಲ 255 ಆದ ಮೇಲೆ ಮಡಿಕೆ ಎಲ್ಲಿಂದ ಕಾಣಬೇಕು? ಸೀರೆ ಒಂದು ಕೆಂಪು ತಗಡಾಗುತ್ತದೆ. ಪರೀಕ್ಷೆ ಸುಲಭ: ಮೂರು ಬಣ್ಣದ ಗ್ರಾಫುಗಳನ್ನು ಬೇರೆ ಬೇರೆ ತೆರೆದು ನೋಡಿ, ಕೆಂಪಿನದು ಬಲಗೋಡೆಗೆ ಒರಗಿ ನಿಂತಿದ್ದರೆ ಮಡಿಕೆ ಸತ್ತಿದೆ. ರಾ ಫೈಲ್ ಇದ್ದರೆ ಎಕ್ಸ್‌ಪೋಷರ್ ಇಳಿಸಿ, ಕೆಂಪಿನ ಗಾಢತೆಯನ್ನು ಸ್ವಲ್ಪ ತಗ್ಗಿಸಿದರೆ ಬಹುಮಟ್ಟಿಗೆ ಮಡಿಕೆ ಎದ್ದು ಬರುತ್ತದೆ. ಕೆಂಪು ತಗ್ಗಿಸಿದರೆ ಸೀರೆ ಹೆಚ್ಚು ಕೆಂಪಾಗಿ ಕಾಣುತ್ತದೆ ಎಂಬುದನ್ನು ಗಿರಾಕಿಗೆ ಒಪ್ಪಿಸುವುದು ಬೇರೆಯೇ ಕಸರತ್ತು. ಜೆಪೆಗ್ ಮಾತ್ರ ಕೊಟ್ಟಿದ್ದರೆ ಹಸಿರಿನ ಚಾನೆಲ್‌ನಲ್ಲಿ ಅಷ್ಟಿಷ್ಟು ಉಳಿದಿರುವ ಮಡಿಕೆಯ ಗುರುತನ್ನು ಎರವಲು ತರಬೇಕು. ಅದೂ ಇಲ್ಲದಿದ್ದರೆ ಆ ಫೋಟೋವನ್ನು ಆಲ್ಬಂನಲ್ಲಿ ಚಿಕ್ಕದಾಗಿ ಹಾಕುವುದೇ ಚಿಕಿತ್ಸೆ.

ಒಡವೆಗೆ ಬಂದರೆ, ನಾನು ಈ ಕೆಲಸ ಕಲಿಯುವ ಕಾಲದಲ್ಲಿ ನಕ್ಷತ್ರದ ಹುಚ್ಚಿತ್ತು. ಗಾಜಿನ ಮೇಲೆ ಸಣ್ಣ ಗೀರುಗಳನ್ನು ಎಳೆದ ಸ್ಟಾರ್ ಫಿಲ್ಟರನ್ನು ಲೆನ್ಸಿಗೆ ಸಿಕ್ಕಿಸಿದರೆ ಮಿಂಚಿದ ಕಡೆಯಲ್ಲೆಲ್ಲ ನಾಲ್ಕು ಕೈಯ ನಕ್ಷತ್ರ ಅರಳುತ್ತಿತ್ತು. ಕಂಪ್ಯೂಟರ್ ಬಂದಮೇಲೆ ಫಿಲ್ಟರೂ ಬೇಡವಾಯಿತು, ಬ್ರಷ್ಷಿನಿಂದಲೇ ಜುಮುಕಿಗೊಂದು, ಡಾಬಿಗೊಂದು, ಕೆಲವರು ಹಲ್ಲಿಗೂ ಒಂದು ನಕ್ಷತ್ರ ಒತ್ತುತ್ತಿದ್ದರು. ಆ ಹುಚ್ಚು ಇಳಿದಿದೆ. ಆದರೆ "ಒಡವೆ ಎದ್ದು ಕಾಣ್ಬೇಕು" ಎಂದವರಿಗೆ ಹಳದಿ ಹೆಚ್ಚಿಸಿ ಕೊಡುವ ಚಾಳಿ ಹೋಗಿಲ್ಲ. ಹಳದಿ ಹೆಚ್ಚಿಸಿದರೆ ಚಿನ್ನ ಹಿತ್ತಾಳೆಯಾಗುತ್ತದೆ. ಕಾರಣ ಇಷ್ಟೇ: ಚಿನ್ನದ ಸಾಧಾರಣ ಭಾಗದಲ್ಲಿ ಕೆಂಪು 212, ಹಸಿರು 160, ನೀಲಿ 60 ಹೀಗೇನೋ ಇರುತ್ತದೆ. ಬೆಳಕು ಏರುತ್ತ ಹೋದಂತೆ ಮೊದಲು ಕೆಂಪು 255 ಮುಟ್ಟಿ ನಿಲ್ಲುತ್ತದೆ. ಹಸಿರು ಇನ್ನೂ ಏರುತ್ತಲೇ ಇರುತ್ತದೆ, ಆಗ ಬಣ್ಣ ಕಿತ್ತಳೆಯಿಂದ ನಿಂಬೆಹಳದಿಗೆ ಜಾರುತ್ತದೆ. ಕೊನೆಗೆ ನೀಲಿಯೂ ಏರಿ ಎಲ್ಲ ಬಿಳಿ. ಫ್ಲ್ಯಾಷ್ ಹೊಡೆದ ಕಾಸಿನಸರವನ್ನು ದೊಡ್ಡದು ಮಾಡಿ ನೋಡಿದರೆ ನಡುವೆ ಬಿಳಿ ಚುಕ್ಕೆ, ಸುತ್ತ ನಿಂಬೆಹಳದಿಯ ಬಳೆ, ಅದರಾಚೆ ನಿಜವಾದ ಚಿನ್ನ ಕಾಣುತ್ತದೆ. ಒಂದು ಗ್ರಾಂ ಚಿನ್ನದಂತೆ ಕಾಣಿಸುವುದು ಆ ನಿಂಬೆಹಳದಿ ಬಳೆ.

ಬಿಳಿ ಚುಕ್ಕೆಯನ್ನು ಮುಟ್ಟಬಾರದು. ಅಲ್ಲಿ ಉಳಿಸಲು ಏನೂ ಇಲ್ಲ, ಅದೂ ಅಲ್ಲದೆ ಲೋಹ ಲೋಹವೆಂದು ಕಣ್ಣು ನಂಬುವುದು ಆ ಚುಕ್ಕೆಯಿಂದಲೇ. ಹೊಸ ಲೇಯರ್ ಹಾಕಿ, ಅದನ್ನು ಕಲರ್ ಮೋಡಿನಲ್ಲಿಟ್ಟು, ಅದೇ ಸರದ ನಿಜವಾದ ಚಿನ್ನದ ಜಾಗದಿಂದ ಬಣ್ಣ ಎತ್ತಿಕೊಂಡು ನಿಂಬೆಹಳದಿ ಬಳೆಯ ಮೇಲೆ ತೆಳುವಾಗಿ ಎಳೆಯಬೇಕು. ಕಲರ್ ಮೋಡಿನಲ್ಲಿ ಬೆಳಕು ಬದಲಾಗುವುದಿಲ್ಲ, ಬಣ್ಣ ಮಾತ್ರ ಬದಲಾಗುತ್ತದೆ. ಆಮೇಲೆ ಕಾಸು ಕಾಸಿನ ನಡುವಿನ ಸಂದಿಯನ್ನು ಒಂದಿಷ್ಟು ಕಪ್ಪಾಗಿಸಿದರೆ ಸರ ತಾನಾಗಿ ಎದ್ದು ನಿಲ್ಲುತ್ತದೆ. ಹೊಳಪು ಹೆಚ್ಚಿಸಿದ್ದೇನೆಂದು ಗಿರಾಕಿ ತಿಳಿಯುತ್ತಾರೆ, ನಾನು ಹೆಚ್ಚಿಸಿದ್ದು ನೆರಳನ್ನು. ಆಂಟಿಕ್ ಒಡವೆಗೆ ಇದನ್ನೂ ಮಾಡಬಾರದು. ಮಂಕಾಗಿರಲಿ ಎಂದೇ ದುಡ್ಡು ಕೊಟ್ಟು ಮಾಡಿಸಿರುತ್ತಾರೆ.

ಬೆವರನ್ನು ಕೊನೆಗೆ ಹಿಡಿಯುತ್ತೇನೆ, ಅದು ಎಲ್ಲಕ್ಕಿಂತ ಹಳೆಯ ಕಸುಬು. ಕಪ್ಪುಬಿಳುಪಿನ ಕಾಲದಲ್ಲಿ ಸ್ಟುಡಿಯೋಗಳಲ್ಲಿ ರೀಟಚ್ ಮಾಡುವವರು ನೆಗೆಟಿವನ್ನು ಇಳಿಜಾರು ಗಾಜಿನ ಡೆಸ್ಕಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಮೊನೆಯ ಪೆನ್ಸಿಲ್ಲಿನಿಂದ ಸುಕ್ಕುಗಳನ್ನು ತುಂಬುತ್ತಿದ್ದರು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಪೆನ್ಸಿಲ್ ತಾಗಿದ ಜಾಗ ಪ್ರಿಂಟಿನಲ್ಲಿ ಬೆಳಗಾಗುತ್ತದೆ. ಸುಕ್ಕಿಗೆ ಅದು ಸರಿ. ಮುಖದ ಹೊಳಪಿಗೆ ಪೆನ್ಸಿಲ್ ಕೆಲಸಕ್ಕೆ ಬರುವುದಿಲ್ಲ, ಅದು ನೆಗೆಟಿವ್‌ನಲ್ಲಿ ಆಗಲೇ ದಟ್ಟ ಕಪ್ಪು ಮಚ್ಚೆ. ಅದನ್ನು ಚೂಪಾದ ಚಾಕುವಿನಿಂದ ಪದರ ಪದರವಾಗಿ ಹೆರೆಯಬೇಕಿತ್ತು. ಒಂದು ಗೀರು ಹೆಚ್ಚಾದರೆ ಹಣೆಯಲ್ಲಿ ತೂತು. ಈಗ ತಪ್ಪಿದ್ದನ್ನು ಹಿಂದಕ್ಕೆ ಪಡೆಯಬಹುದು, ಅದೇ ಕಾರಣಕ್ಕೆ ಜನ ಹೆರೆಯುವುದು ಜಾಸ್ತಿಯಾಗಿದೆ.

ನಮ್ಮ ಹುಡುಗಿಯ ಹಣೆಯಲ್ಲಿ ಮೂರು ಮಚ್ಚೆಗಳಿದ್ದವು. ಎರಡು ಬಿಳಿ, ಒಂದು ಹಳದಿ ಛಾಯೆಯದು. ಬಿಳಿಯವು ಬೆವರು. ಹಳದಿಯದು ಬಾಸಿಂಗದ ಮಿಂಚು ಹಣೆಗೆ ಬಿದ್ದದ್ದು. ಅದನ್ನು ಬಿಟ್ಟುಬಿಟ್ಟೆ, ಬಾಸಿಂಗ ಅಲ್ಲಿ ನಿಜವಾಗಿ ಕಟ್ಟಿತ್ತು ಎಂಬುದಕ್ಕೆ ಅದೇ ಪುರಾವೆ. ಬೆವರಿನ ಜಾಗದಲ್ಲಿ ಅಂಕಿ ನೋಡಿದರೆ ಕೆಂಪು 250, ಹಸಿರು 246, ನೀಲಿ 244. ಪಕ್ಕದ ಒಣ ಚರ್ಮದಲ್ಲಿ 205, 152, 122. ಬಹಳ ಮಂದಿ ಇಲ್ಲಿ ಬರ್ನ್ ಟೂಲ್ ತೆಗೆದುಕೊಂಡು ಕಪ್ಪು ಮಾಡಲು ಹೊರಡುತ್ತಾರೆ. ಬಿಳಿಯನ್ನು ಕಪ್ಪು ಮಾಡಿದರೆ ಬೂದು ಬರುತ್ತದೆಯೇ ಹೊರತು ಚರ್ಮ ಬರುವುದಿಲ್ಲ. ಮೊದಲೇ ಹೇಳಿದಂತೆ ಬೆವರಿನ ಹೊಳಪಿನೊಳಗೆ ಮೈಬಣ್ಣ ಇಲ್ಲ; ಹಾಗಾಗಿ ಕತ್ತಲಿನ ಜೊತೆಗೆ ಬಣ್ಣವನ್ನೂ ಕೊಡಬೇಕು. ಹಣೆಯಲ್ಲಿ ವಿಭೂತಿ ಒರೆಸಿದಂಥ ಬೂದು ತೇಪೆ ಕಂಡರೆ ಬರ್ನ್ ಮಾಡಿದ್ದಾರೆ ಎಂದು ತಿಳಿಯಿರಿ.

ನಾನು ಮಾಡುವುದು ಹೀಗೆ. ಹೊಸ ಲೇಯರ್, ಡಾರ್ಕನ್ ಮೋಡ್. ಪಕ್ಕದ ಒಣ ಚರ್ಮದ ಬಣ್ಣ ಎತ್ತಿಕೊಂಡು, ಮೆತ್ತನೆ ಬ್ರಷ್ಷನ್ನು ನೂರಕ್ಕೆ ಹದಿನೈದು ಬಲದಲ್ಲಿಟ್ಟು ಎಳೆಯುವುದು. ಡಾರ್ಕನ್ ಮೋಡಿನ ಉಪಕಾರವೆಂದರೆ ನಾವು ಹಚ್ಚುವ ಬಣ್ಣಕ್ಕಿಂತ ಬೆಳಗಾಗಿರುವುದಷ್ಟೇ ಬದಲಾಗುತ್ತದೆ. ಹುಬ್ಬು, ಕುಂಕುಮ, ರಂಧ್ರದ ಕಪ್ಪು ಎಲ್ಲ ಹಾಗೇ ಉಳಿಯುತ್ತದೆ. ನಾಲ್ಕು ಸಲ ಎಳೆದಾಗ ಅಂಕಿ 230, 200, 185ರ ಸುತ್ತ ಬಂತು. ಅಲ್ಲಿಗೆ ನಿಲ್ಲಿಸಿದೆ. 205ಕ್ಕೇ ಇಳಿಸಿದ್ದರೆ ಹಣೆ ಸುಣ್ಣ ಬಳಿದ ಗೋಡೆಯಾಗುತ್ತಿತ್ತು, ಉಬ್ಬು ತಗ್ಗು ಹೇಳುವುದೂ ಆ ಹೊಳಪೇ ತಾನೆ. ಮೂಗಿನ ತುದಿಯಲ್ಲಿ ಮಾತ್ರ ಅಂಕಿ 255, 255, 255. ಅಲ್ಲಿ ಬಣ್ಣ ಹಚ್ಚಿದರೆ ಸಾಲದು, ಚರ್ಮದ ರವೆಯೇ ಹೋಗಿದೆ. ಕೆನ್ನೆಯಿಂದ ಹೀಲಿಂಗ್ ಬ್ರಷ್ಷಿನಲ್ಲಿ ರವೆ ತಂದು ಕೂರಿಸಬೇಕು. ಕೂರಿಸುವಾಗ ಪಕ್ಕದ ಮೂಗುಬೊಟ್ಟಿನ ಮೇಲೆ ಕಣ್ಣಿರಬೇಕು. ಮುಖ ನುಣುಪು ಮಾಡುವ ಫಿಲ್ಟರುಗಳಿಗೆ ವಜ್ರವೂ ಒಂದು ಮೊಡವೆ, ನಯವಾಗಿ ಅಳಿಸಿಹಾಕುತ್ತವೆ. ಅಜ್ಜಿ ಕೊಟ್ಟ ಮೂಗುಬೊಟ್ಟು ಫೋಟೋದಲ್ಲಿ ಕಾಣೆಯಾದರೆ ಏನಾಗುತ್ತದೆಂದು ಮದುವೆ ಮನೆ ಕಂಡವರಿಗೆ ಹೇಳಬೇಕಿಲ್ಲ.

ಹುಡುಗಿಯ ತಂದೆಯ ಮುಖದ ಬೆವರನ್ನು ನಾನು ಮುಟ್ಟಲಿಲ್ಲ. ಧಾರೆ ಎರೆಯುವ ಅಪ್ಪ ಒಣಗಿ ನಿಂತಿದ್ದರೆ ನೋಡಲು ಚೆಂದವಲ್ಲ ಎಂಬುದು ನನ್ನ ಅಭಿಪ್ರಾಯ, ಇದನ್ನು ಯಾರ ಚೀಟಿಯೂ ಒಪ್ಪಿಲ್ಲ, ವಿರೋಧಿಸಿಯೂ ಇಲ್ಲ. ಹಿಂದಿನ ಸಾಲಿನಲ್ಲಿದ್ದ ಚಿಕ್ಕಪ್ಪನ ಬೋಳುತಲೆಯನ್ನು ಮಾತ್ರ ಅಂಗಡಿಯ ಹುಡುಗ ಶ್ರದ್ಧೆಯಿಂದ ಒರೆಸಿಟ್ಟಿದ್ದ. ಪ್ರೂಫ್ ನೋಡಲು ಬಂದ ಅವರು ಬಹಳ ಹೊತ್ತು ತಲೆಯನ್ನೇ ದಿಟ್ಟಿಸಿ, "ಏನಪ್ಪಾ ಇದು, ನನ್ ತಲೆಗೆ ಹಿಟ್ಟು ಮೆತ್ತಿದ್ಯಾ?" ಎಂದರು. ಆ ಲೇಯರಿನ ಬಲವನ್ನು ನೂರರಿಂದ ಮೂವತ್ತಕ್ಕೆ ಇಳಿಸಿದೆವು. ತಲೆ ವಾಪಸು ಬಂತು, ಅವರು ಸಮಾಧಾನದಿಂದ ಕಾಫಿ ಕುಡಿದು ಹೋದರು.

ಇನ್ನೊಂದು ಬೇಡಿಕೆ ಚೀಟಿಯಲ್ಲಿ ಬರುವುದಿಲ್ಲ, ಬಾಯಲ್ಲಿ ಬರುತ್ತದೆ, ಅದೂ ಅತ್ತಿತ್ತ ನೋಡಿ ದನಿ ತಗ್ಗಿಸಿ: "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿ." ನಾನು ಮಾಡುವುದಿಲ್ಲ. ಆದರ್ಶದ ಮಾತು ಪಕ್ಕಕ್ಕಿರಲಿ, ಕಸುಬಿನ ಕಾರಣವೇ ಸಾಕಷ್ಟಿದೆ. ಮುಖ ಬೆಳ್ಳಗೆ ಮಾಡಿದರೆ ಕೈ ಉಳಿಯುತ್ತದೆ, ಕೈ ಮಾಡಿದರೆ ಕತ್ತು. ಕತ್ತು ಬೆಳಗಾದರೆ ಅದರ ಮೇಲಿರುವ ಚಿನ್ನ ಮಂಕಾಗುತ್ತದೆ. ಚಿನ್ನ ಬೆಳಗುವುದು ಹಿಂದಿನ ಕಂದುಬಣ್ಣ ಅದಕ್ಕೆ ಜಾಗ ಬಿಟ್ಟುಕೊಡುವುದರಿಂದ. ಇದನ್ನು ಪರದೆಯ ಮೇಲೆ ಎರಡೂ ರೀತಿ ಮಾಡಿ ತೋರಿಸಿದರೆ ಸಾಮಾನ್ಯವಾಗಿ ಒಡವೆಯ ಆಸೆ ಗೆಲ್ಲುತ್ತದೆ.

ಎಲ್ಲ ಮುಗಿದ ಮೇಲೆ ಹನ್ನೆರಡು ಮೂವತ್ತಾರರ ಕರಿಜ್ಮಾ ಶೀಟಿಗೆ ಕೂರಿಸಿ ಬೆಂಗಳೂರಿನ ಲ್ಯಾಬಿಗೆ ಕಳಿಸಬೇಕು. ಅಲ್ಲಿ ಎರಡು ಗಂಡಾಂತರ. ಮೊಬೈಲಿನ ಪರದೆ ತೋರಿಸುವಷ್ಟು ಗಾಢ ಬಣ್ಣವನ್ನು ಫೋಟೋ ಕಾಗದ ಹಿಡಿಯಲಾರದು. ಮೊಬೈಲಿನಲ್ಲಿ ಆಗಲೇ ನೋಡಿ ಮೆಚ್ಚಿದವರಿಗೆ ಆಲ್ಬಂನ ಸೀರೆ ಒಗೆದ ಸೀರೆಯಂತೆ ಕಾಣುವುದುಂಟು. ಅದಕ್ಕೇ ಲ್ಯಾಬಿನವರ ಕಾಗದದ ಪ್ರೊಫೈಲ್ ಹಾಕಿ ಪರದೆಯಲ್ಲಿ ಮೊದಲೇ ನೋಡಿಕೊಳ್ಳುತ್ತೇನೆ, ಗಿರಾಕಿಗೂ ಅದನ್ನೇ ತೋರಿಸುತ್ತೇನೆ. ಎರಡನೆಯದು, ಲ್ಯಾಬಿನ ಮೆಷಿನ್ನು ತಾನೂ ಬಣ್ಣ ತಿದ್ದುತ್ತದೆ. ಶೀಟಿನ ತುಂಬ ನೇರಳೆ ಕಂಡರೆ ನೇರಳೆ ಹೆಚ್ಚಾಗಿದೆ ಎಂದುಕೊಂಡು ಹಸಿರು ಬೆರೆಸಿ ಸರಿಮಾಡುತ್ತದೆ. ಬ್ಲೌಸ್ ಚೂರು ಹಿಡಿದು ಪಟ್ಟ ಪಾಡೆಲ್ಲ ಅಲ್ಲಿಗೆ ತೀರಿತು. ಆದ್ದರಿಂದ ಆರ್ಡರ್ ಫಾರಂನಲ್ಲಿ "ನೋ ಕಲರ್ ಕರೆಕ್ಷನ್" ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಸಂಜೆ ಲ್ಯಾಬಿನಿಂದ ಹುಡುಗನ ಫೋನು ಬಂತು. "ಸಾರ್, ನೋ ಕರೆಕ್ಷನ್ ಅಂತ ಬರ್ದಿದೀರಿ, ಕಲರ್ ಮುಟ್ಟಿಲ್ಲ."

"ಒಳ್ಳೇದಾಯ್ತಪ್ಪ."

"ಮದುಮಗಳ ಮುಖ ಮಾತ್ರ ಒಂಚೂರು ಡಲ್ ಇದೆ ಸಾರ್. ಬ್ರೈಟ್ ಮಾಡಿ, ಸ್ಮೂತ್ ಹೊಡೆದುಬಿಡ್ಲಾ? ಎಕ್ಸ್‌ಟ್ರಾ ಚಾರ್ಜ್ ಇಲ್ಲ."